ಒಡೆದು ಬಂದ ಪಾರ್ಸಲ್: ಫೋಟೋ ಮುಂದಿಟ್ಟುಕೊಂಡು ಮಾರಾಟಗಾರರಿಗೆ ದೂರು ಪತ್ರ ಬರೆಯುವುದು ಹೇಗೆ

ಆನ್‌ಲೈನ್‌ನಲ್ಲಿ ತರಿಸಿದ ಸಾಮಾನು ಒಡೆದು ಬಂದರೆ ಹೆಚ್ಚಿನವರು ಬರೆಯುವ ದೂರು ಎರಡೇ ಸಾಲಿನದು. "ನೀವು ಕಳಿಸಿದ ವಸ್ತು ಡ್ಯಾಮೇಜ್ ಆಗಿದೆ. ಫೋಟೋ ಹಾಕಿದ್ದೇನೆ, ನೋಡಿ ಕೂಡಲೇ ದುಡ್ಡು ವಾಪಸ್ ಮಾಡಿ." ಜೊತೆಗೆ ಏಳೆಂಟು ಫೋಟೋ. ಇದನ್ನು ಓದುವವರಿಗೆ ಒಡೆದದ್ದು ಯಾವ ಭಾಗ, ಪೆಟ್ಟಿಗೆಯ ಒಳಗೇ ಒಡೆದಿತ್ತೋ ಮನೆಯಲ್ಲಿ ಕೈಜಾರಿ ಬಿತ್ತೋ, ಆ ಫೋಟೋ ಇದೇ ಆರ್ಡರಿನದೋ ಅಲ್ಲವೋ ಯಾವುದೂ ತಿಳಿಯುವುದಿಲ್ಲ. ಹಾಗಾಗಿ "ಫೋಟೋ ಸ್ಪಷ್ಟವಾಗಿಲ್ಲ, ಮತ್ತೆ ಕಳಿಸಿ" ಎಂಬ ಉತ್ತರ ಬರುತ್ತದೆ. ಅಷ್ಟರಲ್ಲಿ ವಾಪಸಾತಿಯ ದಿನಗಳಲ್ಲಿ ಎರಡು ಮೂರು ಕಳೆದಿರುತ್ತವೆ.

ಒಳ್ಳೆಯ ದೂರಿನಲ್ಲಿ ಪತ್ರ ಮತ್ತು ಫೋಟೋ ಒಂದೇ ಸಾಕ್ಷ್ಯದ ಎರಡು ಭಾಗಗಳಾಗಿರುತ್ತವೆ. ಪತ್ರದ ಪ್ರತಿಯೊಂದು ಹೇಳಿಕೆಯೂ ಒಂದು ಫೋಟೋವನ್ನು ತೋರಿಸಬೇಕು, ಪ್ರತಿಯೊಂದು ಫೋಟೋಗೂ ಪತ್ರದಲ್ಲಿ ಒಂದು ವಾಕ್ಯ ಇರಬೇಕು. ಹೇಗೆಂದು ತೋರಿಸಲು ಇಲ್ಲಿ ಒಂದೇ ಉದಾಹರಣೆಯನ್ನು ಕೊನೆವರೆಗೂ ನೋಡೋಣ. ದಾವಣಗೆರೆಯ ಒಂದು ಮನೆಗೆ ಬಂದ ಎರಡು ಲೀಟರಿನ ಟೇಬಲ್ ಟಾಪ್ ವೆಟ್ ಗ್ರೈಂಡರ್. ಪೆಟ್ಟಿಗೆ ಬಿಚ್ಚಿ ನೋಡಿದರೆ ಬುಡದ ಪ್ಲಾಸ್ಟಿಕ್ ಒಡೆದಿದೆ. ಕಲ್ಲು, ಮೋಟಾರು ಎಲ್ಲ ಸೇರಿ ತೂಕ ಹೆಚ್ಚಿರುವುದರಿಂದ ಗ್ರೈಂಡರ್ ಸಾಗಣೆಯಲ್ಲಿ ಒಂದು ಸಲ ಮೂಲೆ ಮೇಲೆ ಬಿದ್ದರೂ ಸಾಕು, ಆ ತೂಕವೆಲ್ಲ ಬುಡದ ಒಂದು ಅಂಚಿನ ಮೇಲೆ ಬೀಳುತ್ತದೆ.

ಬರೆಯುವ ಮೊದಲು: ಪ್ಲಗ್ ಹಾಕಬೇಡಿ, ಪೆಟ್ಟಿಗೆ ಎಸೆಯಬೇಡಿ

ಒಡೆದದ್ದು ಕಂಡ ಕೂಡಲೇ "ಓಡುತ್ತದೋ ಇಲ್ಲವೋ ನೋಡೋಣ" ಎಂದು ಸ್ವಿಚ್ ಹಾಕುವುದು ಸಹಜ. ಹಾಕಬೇಡಿ. ಬುಡದಲ್ಲಿ ಬಿರುಕು ಬಿಟ್ಟ ಗ್ರೈಂಡರಿನೊಳಗೆ ತಂತಿ ಸಡಿಲವಾಗಿರಬಹುದು, ಶಾಕ್ ಹೊಡೆಯುವ ಅಪಾಯವಿದೆ. ಮೇಲಾಗಿ, ಒಮ್ಮೆ ಓಡಿಸಿದರೆ ಅಥವಾ ಡ್ರಮ್ಮಿಗೆ ನೀರು ಹಾಕಿ ತೊಳೆದರೆ ಮಾರಾಟಗಾರರು "ಬಳಸಿದ ವಸ್ತು" ಎಂದು ವಾಪಸು ನಿರಾಕರಿಸಬಹುದು. ತಯಾರಕರ ಸರ್ವಿಸ್ ಸೆಂಟರಿಗೂ ಈಗಲೇ ಫೋನ್ ಮಾಡಬೇಡಿ. ವಾರಂಟಿ ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಮಾತ್ರ. ಬಿದ್ದು ಒಡೆದದ್ದನ್ನು ಅವರು "ಭೌತಿಕ ಹಾನಿ" ಎಂದು ಬರೆದುಕೊಟ್ಟರೆ ಆ ಚೀಟಿಯನ್ನೇ ನಿಮ್ಮ ವಿರುದ್ಧ ತೋರಿಸುತ್ತಾರೆ.

ರಟ್ಟಿನ ಪೆಟ್ಟಿಗೆ, ಅದರ ಮೇಲಿನ ಕೊರಿಯರ್ ಲೇಬಲ್, ಥರ್ಮೋಕೋಲ್, ಬಬಲ್ ಕವರ್, ಉದುರಿದ ಪ್ಲಾಸ್ಟಿಕ್ ಚೂರು, ಇವೆಲ್ಲ ಹಣ ಕೈಸೇರುವವರೆಗೂ ಮನೆಯಲ್ಲೇ ಇರಲಿ. ಚೂರುಗಳನ್ನು ಒಂದು ಕವರಿನಲ್ಲಿ ಹಾಕಿ ಕಟ್ಟಿಡಿ.

ಫೋಟೋಗಳನ್ನು ಹೊರಗಿನಿಂದ ಒಳಕ್ಕೆ ಜೋಡಿಸಿ

ಫೋಟೋಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ. ಪಾರ್ಸಲ್ ಬಿಚ್ಚಿದ ಕ್ರಮದಲ್ಲೇ, ಅಂದರೆ ಪೆಟ್ಟಿಗೆಯ ಹೊರಮೈಯಿಂದ ಶುರುಮಾಡಿ ಒಡೆದ ಭಾಗದವರೆಗೆ ಸಂಖ್ಯೆ ಕೊಡಿ. ಫೈಲಿನ ಹೆಸರಲ್ಲೇ ಸಂಖ್ಯೆ ಇದ್ದರೆ ಅಪ್‌ಲೋಡ್ ಮಾಡುವಾಗ ಕ್ರಮ ತಪ್ಪುವುದಿಲ್ಲ:

```
01_pettige_label.jpg
02_pettige_moole.jpg
03_teredaga_mele.jpg
04_thermocol_churu.jpg
05_buda_biruku.jpg
06_buda_kalu.jpg
07_serial_sticker.jpg
08_ella_bhaga.jpg
```

ಈ ಎಂಟರಲ್ಲಿ ಯಾವುದರಲ್ಲಿ ಏನಿರಬೇಕು? ಮೊದಲನೆಯದು ಇಡೀ ಪೆಟ್ಟಿಗೆ ಕಾಣುವ ಫೋಟೋ, ಲೇಬಲ್ ಇರುವ ಕಡೆಯಿಂದ ತೆಗೆದದ್ದು. ಲೇಬಲ್ಲಿನ ಕೊರಿಯರ್ ಟ್ರ್ಯಾಕಿಂಗ್ ಸಂಖ್ಯೆ ಓದುವಂತಿರಬೇಕು, ಏಕೆಂದರೆ ಈ ಪೆಟ್ಟಿಗೆ ನಿಮ್ಮ ಆರ್ಡರಿನದೇ ಎಂದು ತೋರಿಸುವುದು ಆ ಸಂಖ್ಯೆ. ಎರಡನೆಯದು ಜಜ್ಜಿದ ಮೂಲೆ. ಮೂರನೆಯದು ಪೆಟ್ಟಿಗೆ ತೆರೆದ ಮೇಲೆ, ಯಾವುದನ್ನೂ ಎತ್ತುವ ಮೊದಲು, ಮೇಲಿನಿಂದ ಕಂಡದ್ದು.

ನಾಲ್ಕನೆಯದಕ್ಕೆ ಹೆಚ್ಚು ಗಮನ ಕೊಡಿ, ಏಕೆಂದರೆ ಇಡೀ ದೂರು ನಿಲ್ಲುವುದೇ ಅದರ ಮೇಲೆ. ಗ್ರೈಂಡರ್ ಎತ್ತಿದಾಗ ಕೆಳಗಿನ ಥರ್ಮೋಕೋಲ್ ಎರಡು ಹೋಳಾಗಿದೆ, ಅದರ ಸೀಳಿನಲ್ಲಿ ಕೆಂಪು ಪ್ಲಾಸ್ಟಿಕ್ ಚೂರುಗಳು ಸಿಕ್ಕಿಕೊಂಡಿವೆ, ಪೆಟ್ಟಿಗೆಯ ತಳದಲ್ಲೂ ಒಂದೆರಡು ಬಿದ್ದಿವೆ. ಗ್ರೈಂಡರ್ ಮನೆಯಲ್ಲಿ ಬಿದ್ದಿದ್ದರೆ ಚೂರು ನೆಲದ ಮೇಲೆ ಇರುತ್ತಿತ್ತೇ ಹೊರತು ಥರ್ಮೋಕೋಲಿನ ಕೆಳಗಲ್ಲ. ಒಡೆದ ಬುಡದ ಕ್ಲೋಸಪ್ ಹತ್ತು ತೆಗೆದರೂ ಹೇಳಲಾಗದ್ದನ್ನು ಈ ಒಂದು ಫೋಟೋ ಹೇಳುತ್ತದೆ. ಪೆಟ್ಟಿಗೆಯಲ್ಲಿ ಜಜ್ಜಿದ ಮೂಲೆ, ಥರ್ಮೋಕೋಲಿನಲ್ಲಿ ಒಡೆದ ಮೂಲೆ, ಗ್ರೈಂಡರಿನಲ್ಲಿ ಒಡೆದ ಅಂಚು ಮೂರೂ ಒಂದೇ ಕಡೆ ಬರುತ್ತವೆಯೇ ಎಂದೂ ನೋಡಿ. ಬಂದರೆ ಅದನ್ನು ಪತ್ರದಲ್ಲಿ ಬಿಡಿಸಿ ಹೇಳಬೇಕು. ಓದುವವರು ತಾವಾಗಿ ಮೂರು ಫೋಟೋ ತಾಳೆ ಹಾಕಿ ನೋಡುತ್ತಾರೆಂದು ನಂಬಿ ಕೂರಬೇಡಿ.

ಐದನೆಯದರಲ್ಲಿ ಬಿರುಕಿನ ಪಕ್ಕ ಒಂದು ಅಳತೆಪಟ್ಟಿ ಇಟ್ಟು ತೆಗೆಯಿರಿ. "ದೊಡ್ಡ ಬಿರುಕು" ಎಂಬುದಕ್ಕಿಂತ "6 ಸೆಂ.ಮೀ. ಬಿರುಕು" ಎಂಬುದಕ್ಕೆ ಹೆಚ್ಚು ತೂಕವಿದೆ. ಆರನೆಯದರಲ್ಲಿ ಗ್ರೈಂಡರನ್ನು ಮೆಲ್ಲಗೆ ಓರೆ ಮಾಡಿ ಬುಡದ ರಬ್ಬರ್ ಕಾಲುಗಳನ್ನು ತೋರಿಸಿ. ನಮ್ಮ ಉದಾಹರಣೆಯಲ್ಲಿ ನಾಲ್ಕರಲ್ಲಿ ಒಂದು ಕಾಲು ಕೂರುವ ಜಾಗವೇ ಒಡೆದುಹೋಗಿದೆ. ಏಳನೆಯದು ಗ್ರೈಂಡರಿಗೆ ಅಂಟಿಸಿರುವ ಸ್ಟಿಕ್ಕರು, ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆ ಸಮೇತ. ತಯಾರಕರ ಪೆಟ್ಟಿಗೆಯ ಮೇಲೂ ಸೀರಿಯಲ್ ಸಂಖ್ಯೆ ಇದ್ದರೆ ಅದನ್ನೂ ಸೇರಿಸಿ. ಮುಂದೆ "ನೀವು ವಾಪಸು ಕೊಟ್ಟದ್ದು ನಾವು ಕಳಿಸಿದ ವಸ್ತುವೇ ಅಲ್ಲ" ಎಂಬ ಮಾತು ಬಂದರೆ ಇದೇ ಉತ್ತರ. ಎಂಟನೆಯದರಲ್ಲಿ ಬಂದ ಎಲ್ಲ ಭಾಗಗಳನ್ನು ಹರವಿ ಇಡಿ: ಡ್ರಮ್, ರುಬ್ಬುವ ಕಲ್ಲುಗಳ ಜೋಡಣೆ, ಮುಚ್ಚಳ, ಜೊತೆಗೆ ಬಂದ ಉಳಿದ ಬಿಡಿಭಾಗಗಳು, ಪುಸ್ತಿಕೆ.

ಮೂಲ ಫೋಟೋದ ಮೇಲೆ ಕೆಂಪು ವೃತ್ತ, ಬಾಣ ಹಾಕಬೇಡಿ. ಬೇಕಿದ್ದರೆ ಪ್ರತಿ ಮಾಡಿಕೊಂಡು ಅದರ ಮೇಲೆ ಹಾಕಿ. ಫೋನಿನಲ್ಲಿ ತೆಗೆದ ಮೂಲ ಫೈಲಿನೊಳಗೆ ತೆಗೆದ ದಿನ, ಸಮಯ ದಾಖಲಾಗಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಫೋಟೋ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಆದ್ದರಿಂದ ಇಮೇಲ್‌ಗೆ ಫೋನಿನ ಗ್ಯಾಲರಿಯಿಂದಲೇ ಲಗತ್ತಿಸಿ. ವಾಟ್ಸ್ಆ್ಯಪ್ ಬಿಟ್ಟರೆ ಬೇರೆ ದಾರಿಯಿಲ್ಲದಿದ್ದರೆ "ಡಾಕ್ಯುಮೆಂಟ್" ಆಗಿ ಕಳಿಸಿ.

ಫೋಟೋದಲ್ಲಿ ಇಲ್ಲದ್ದನ್ನು ಏನು ಮಾಡುವುದು?

ಎಂಟೂ ಫೋಟೋ ಕ್ರಮವಾಗಿ ಇರುವುದು ಅಪರೂಪ. ಹೆಚ್ಚಿನವರಲ್ಲಿ ಇರುವುದು ಬಿಚ್ಚಿದ ಮೇಲೆ ತೆಗೆದ ಮೂರು ನಾಲ್ಕು ಚಿತ್ರ ಮಾತ್ರ. ಚಿಂತೆಯಿಲ್ಲ. ಪೆಟ್ಟಿಗೆ ಇನ್ನೂ ಮನೆಯಲ್ಲಿದ್ದರೆ ಲೇಬಲ್, ಜಜ್ಜಿದ ಮೂಲೆ, ಥರ್ಮೋಕೋಲ್ ಇವನ್ನು ಈಗಲೇ ತೆಗೆಯಿರಿ. ಪತ್ರದಲ್ಲಿ "ಫೋಟೋ 1 ಮತ್ತು 2 ಪೆಟ್ಟಿಗೆ ಬಿಚ್ಚಿದ ಮೇಲೆ, ಅದೇ ದಿನ ಸಂಜೆ ತೆಗೆದವು" ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಇದರಿಂದ ದೂರಿಗೆ ಬಲ ಬರುತ್ತದೆಯೇ ಹೊರತು ಕುಂದಿಲ್ಲ.

ಮಾಡಲೇಬಾರದ ಕೆಲಸ ಒಂದಿದೆ. ಗುಡಿಸಿ ತೆಗೆದ ಚೂರುಗಳನ್ನು ಮತ್ತೆ ಪೆಟ್ಟಿಗೆಯೊಳಗೆ ಹಾಕಿ, ಟೇಪ್ ಹಚ್ಚಿ, ಆಗಷ್ಟೇ ಬಿಚ್ಚಿದಂತೆ ಫೋಟೋ ತೆಗೆಯುವುದು. ಫೈಲಿನೊಳಗಿನ ಸಮಯ, ಒಮ್ಮೆ ಕಿತ್ತ ಟೇಪಿಗೆ ಅಂಟಿದ ರಟ್ಟಿನ ಪದರ, ಬೆಳಕಿನ ವ್ಯತ್ಯಾಸ ಇವೆಲ್ಲ ಎದ್ದು ಕಾಣುತ್ತವೆ. ನಿಜವಾದ ದೂರೂ ಅದರಿಂದ ಸುಳ್ಳಾಗಿ ಕಾಣುತ್ತದೆ.

"ಅನ್‌ಬಾಕ್ಸಿಂಗ್ ವೀಡಿಯೊ ಇಲ್ಲದಿದ್ದರೆ ದೂರು ಸ್ವೀಕರಿಸುವುದಿಲ್ಲ" ಎಂದು ಕೆಲವು ಮಾರಾಟಗಾರರು ಹೇಳುತ್ತಾರೆ. ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು, 2020ರಲ್ಲಿ ಅಂಥ ಷರತ್ತಿಲ್ಲ. ವೀಡಿಯೊ ಇದ್ದರೆ ಅನುಕೂಲ. ಇಲ್ಲದಿದ್ದರೆ ಫೋಟೋಗಳ ಸರಣಿಯನ್ನೇ ಮುಂದಿಡಿ. ಆದರೆ ದುಬಾರಿ ವಸ್ತುಗಳಿಗೆ ಇರುವ "ಓಪನ್ ಬಾಕ್ಸ್ ಡೆಲಿವರಿ" ಬೇರೆ. ಅಲ್ಲಿ ಡೆಲಿವರಿಯವರು ನಿಮ್ಮೆದುರು ಪೆಟ್ಟಿಗೆ ಬಿಚ್ಚಿ ತೋರಿಸಿದ ಮೇಲೆ ನೀವು ಓಟಿಪಿ ಕೊಡುತ್ತೀರಿ. ಒಡೆದದ್ದು ಕಂಡರೆ ಓಟಿಪಿ ಕೊಡದೆ ವಾಪಸು ಕಳಿಸಿ. ಕೊಟ್ಟುಬಿಟ್ಟರೆ "ನೋಡಿಯೇ ತೆಗೆದುಕೊಂಡಿರಿ" ಎಂಬ ವಾದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಮಾಮೂಲಿ ಡೆಲಿವರಿಯಲ್ಲಿ ಕೊಡುವ ಓಟಿಪಿ ಪಾರ್ಸಲ್ ಕೈಸೇರಿತು ಎನ್ನುವುದಕ್ಕಷ್ಟೇ ಗುರುತು.

ಪತ್ರ ಯಾರಿಗೆ?

ನೀವು ಕೊಂಡ ಆ್ಯಪ್ ಮತ್ತು ನಿಮಗೆ ಮಾರಿದವರು ಬೇರೆ ಬೇರೆ ಇರಬಹುದು. ಬಿಲ್ ತೆರೆದು "Sold By" ಎಂದಿರುವಲ್ಲಿ ನೋಡಿ. ಅಲ್ಲಿರುವ ಹೆಸರು, ವಿಳಾಸ ಮಾರಾಟಗಾರರದು, ಪತ್ರ ಅವರಿಗೆ. ಪ್ರತಿ ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ. ಈ ಅಧಿಕಾರಿಯ ಹೆಸರು, ಹುದ್ದೆ, ಸಂಪರ್ಕ ವಿವರಗಳನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದು 2020ರ ನಿಯಮವೇ ಹೇಳುತ್ತದೆ. ಸಾಮಾನ್ಯವಾಗಿ ಪುಟದ ತೀರಾ ಕೆಳಗೆ "Grievance Officer" ಅಥವಾ "Grievance Redressal" ಎಂಬ ಕೊಂಡಿಯಲ್ಲಿ ಸಿಗುತ್ತದೆ.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಫೋನ್ ಮಾಡಬೇಡಿ. ವಂಚಕರು ಕಂಪನಿಗಳ ಹೆಸರಿನಲ್ಲಿ ಸುಳ್ಳು ನಂಬರ್ ಹಾಕಿ ಕಾಯುತ್ತಿರುತ್ತಾರೆ. ಆ್ಯಪ್‌ನೊಳಗೆ ಅಥವಾ ಬಿಲ್‌ನಲ್ಲಿ ಇರುವುದನ್ನು ಮಾತ್ರ ಬಳಸಿ. ಹಣ ವಾಪಸು ಪಡೆಯಲು ಯುಪಿಐ ಪಿನ್ ಹಾಕುವ ಅಗತ್ಯ ಎಂದೂ ಇಲ್ಲ. ಯಾರಾದರೂ ಪಿನ್ ಹಾಕಿ ಎಂದರೆ, ಫೋನಿನ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಎಂದರೆ ಮಾತು ಅಲ್ಲಿಗೇ ನಿಲ್ಲಿಸಿ.

ಪತ್ರಕ್ಕಿಂತ ಮೊದಲು ಆ್ಯಪ್‌ನಲ್ಲಿ ಆ ಆರ್ಡರಿನ ಮೇಲೆ ವಾಪಸಾತಿಯ ಕೋರಿಕೆ ಹಾಕಿ, ಟಿಕೆಟ್ ಸಂಖ್ಯೆ ಪಡೆಯಿರಿ. ಕಾರಣ ಆರಿಸುವಾಗ ಎಚ್ಚರ. "ಕೆಲಸ ಮಾಡುತ್ತಿಲ್ಲ" ಎಂಬುದನ್ನು ಒತ್ತಿದರೆ ದೂರು ಸರ್ವಿಸ್ ವಿಭಾಗಕ್ಕೆ ಹೋಗಿ ಮೆಕ್ಯಾನಿಕ್ ಬರುವವರೆಗೆ ಕಾಯಬೇಕಾಗಬಹುದು. "ಇಷ್ಟವಾಗಲಿಲ್ಲ" ಎಂದರೆ ಸಾಗಣೆ ವೆಚ್ಚ ನಿಮ್ಮ ತಲೆಗೇ ಬರಬಹುದು. "ವಸ್ತು ಒಡೆದು ಬಂದಿದೆ" ಎಂಬ ಅರ್ಥದ್ದನ್ನೇ ಆರಿಸಿ. ಅಲ್ಲಿ ನಾಲ್ಕೇ ಫೋಟೋಗೆ ಜಾಗವಿದ್ದರೆ 1, 2, 4, 5ನ್ನು ಹಾಕಿ. ಎಂಟನ್ನೂ ಒಂದೇ ಚಿತ್ರದಲ್ಲಿ ತುರುಕಿದರೆ ಯಾವುದೂ ಓದಲಾಗದಷ್ಟು ಚಿಕ್ಕದಾಗುತ್ತದೆ. ಉಳಿದದ್ದು ಇಮೇಲ್‌ನಲ್ಲಿ ಹೋಗಲಿ.

ಪತ್ರದ ಮಾದರಿ

ಇವರಿಗೆ,
(ಬಿಲ್‌ನಲ್ಲಿರುವ ಮಾರಾಟಗಾರರ ಹೆಸರು ಮತ್ತು ವಿಳಾಸ)

ಪ್ರತಿ: ಕುಂದುಕೊರತೆ ಅಧಿಕಾರಿ, (ಆ್ಯಪ್‌ನ ಹೆಸರು)

ವಿಷಯ: ಒಡೆದು ಬಂದ ವೆಟ್ ಗ್ರೈಂಡರ್ ವಾಪಸು ಪಡೆದು ₹4,879 ಮರಳಿಸುವ ಬಗ್ಗೆ. ಆರ್ಡರ್ ಸಂಖ್ಯೆ ______, ಟಿಕೆಟ್ ಸಂಖ್ಯೆ ______

ಮಾನ್ಯರೇ,

ದಿನಾಂಕ 4-6-2025ರಂದು ನಿಮ್ಮಿಂದ ಎರಡು ಲೀಟರಿನ ಟೇಬಲ್ ಟಾಪ್ ವೆಟ್ ಗ್ರೈಂಡರ್ (ಮಾಡೆಲ್ ______, ಸೀರಿಯಲ್ ಸಂಖ್ಯೆ ______, ಫೋಟೋ 7) ಖರೀದಿಸಿ, ಸಾಗಣೆ ವೆಚ್ಚ ₹80 ಸೇರಿ ₹4,879 ಪಾವತಿಸಿದ್ದೇನೆ. ಪಾರ್ಸಲ್ 9-6-2025ರಂದು ಮಧ್ಯಾಹ್ನ ದಾವಣಗೆರೆಯ ನನ್ನ ವಿಳಾಸಕ್ಕೆ ತಲುಪಿತು (ಟ್ರ್ಯಾಕಿಂಗ್ ಸಂಖ್ಯೆ ______, ಫೋಟೋ 1). ಅದೇ ದಿನ ಸಂಜೆ ಬಿಚ್ಚಿದಾಗ ಗ್ರೈಂಡರಿನ ಬುಡ ಒಡೆದಿರುವುದು ಕಂಡಿತು.

ಲೇಬಲ್ ಇರುವ ಬದಿಯಿಂದ ನೋಡಿದರೆ ಪೆಟ್ಟಿಗೆಯ ಕೆಳಗಿನ ಬಲ ಮೂಲೆ ಒಳಕ್ಕೆ ಜಜ್ಜಿದೆ (ಫೋಟೋ 2). ತೆರೆದಾಗ ಮೇಲಿನ ಥರ್ಮೋಕೋಲ್ ಸರಿಯಾಗಿತ್ತು (ಫೋಟೋ 3). ಗ್ರೈಂಡರ್ ಹೊರತೆಗೆದಾಗ ಕೆಳಗಿನ ಥರ್ಮೋಕೋಲ್ ಅದೇ ಬಲ ಮೂಲೆಯಲ್ಲಿ ಎರಡು ಹೋಳಾಗಿದ್ದು, ಅದರ ಸೀಳಿನಲ್ಲಿ ಮತ್ತು ಪೆಟ್ಟಿಗೆಯ ತಳದಲ್ಲಿ ಕೆಂಪು ಪ್ಲಾಸ್ಟಿಕ್ ಚೂರುಗಳಿದ್ದವು (ಫೋಟೋ 4). ಬುಡದ ಅದೇ ಬದಿಯ ಅಂಚಿನಲ್ಲಿ 6 ಸೆಂ.ಮೀ. ಉದ್ದದ ಬಿರುಕಿದೆ (ಫೋಟೋ 5). ನಾಲ್ಕು ರಬ್ಬರ್ ಕಾಲುಗಳಲ್ಲಿ ಒಂದು ಕೂರುವ ಭಾಗ ಒಡೆದುಹೋಗಿದೆ (ಫೋಟೋ 6). ಪೆಟ್ಟಿಗೆ, ಥರ್ಮೋಕೋಲ್ ಮತ್ತು ಗ್ರೈಂಡರ್ ಮೂರೂ ಒಂದೇ ಮೂಲೆಯಲ್ಲಿ ಒಡೆದಿರುವುದರಿಂದ ಮತ್ತು ಚೂರುಗಳು ಪೆಟ್ಟಿಗೆಯೊಳಗೇ ಇದ್ದುದರಿಂದ, ಪಾರ್ಸಲ್ ನನ್ನ ಕೈಸೇರುವ ಮೊದಲೇ ಈ ಹಾನಿ ಆಗಿದೆ.

ಗ್ರೈಂಡರಿಗೆ ವಿದ್ಯುತ್ ಸಂಪರ್ಕ ಕೊಟ್ಟಿಲ್ಲ, ನೀರು ಹಾಕಿಲ್ಲ. ಎಲ್ಲ ಭಾಗಗಳೂ (ಫೋಟೋ 8), ಪೆಟ್ಟಿಗೆ, ಚೂರುಗಳೂ ನನ್ನ ಬಳಿ ಇವೆ. ಒಡೆದ ಕಾಲಿನಿಂದ ಗ್ರೈಂಡರ್ ಸಮನಾಗಿ ನಿಲ್ಲುವುದಿಲ್ಲ. ರುಬ್ಬುವಾಗ ಚೆಲ್ಲುವ ನೀರು ಬಿರುಕಿನ ಮೂಲಕ ಮೋಟಾರಿನ ಕಡೆ ಹೋಗಬಹುದು. ಆದ್ದರಿಂದ ಇದನ್ನು ಬಳಸುವಂತಿಲ್ಲ.

ನಿಮ್ಮ ವೆಚ್ಚದಲ್ಲಿ ನನ್ನ ವಿಳಾಸದಿಂದ ಗ್ರೈಂಡರ್ ವಾಪಸು ಪಡೆದು, ಪೂರ್ತಿ ₹4,879 ಅನ್ನು ನಾನು ಪಾವತಿಸಿದ ಖಾತೆಗೇ ಮರಳಿಸಬೇಕೆಂದು ಕೋರುತ್ತೇನೆ. ದೋಷವಿರುವ ವಸ್ತುವನ್ನು ವಾಪಸು ಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು, 2020ರ ನಿಯಮ 6(3) ಹೇಳುತ್ತದೆ. ವಾಪಸು ಪಡೆಯುವ ದಿನವನ್ನು 13-6-2025ರ ಒಳಗೆ ತಿಳಿಸಿ.

ಇಂತಿ,
(ಹೆಸರು, ವಿಳಾಸ, ಫೋನ್)
ದಾವಣಗೆರೆ, 9-6-2025
ಲಗತ್ತು: ಬಿಲ್, ಫೋಟೋ 1ರಿಂದ 8

ಈ ಪತ್ರ ಹೀಗೇಕೆ ಇದೆ

ಮೊದಲಿಗೆ ವಿಷಯದ ಸಾಲು ನೋಡಿ. ವಸ್ತು, ಬೇಡಿಕೆ, ಮೊತ್ತ, ಸಂಖ್ಯೆ ಎಲ್ಲವೂ ಅಲ್ಲೇ ಇವೆ. ಪತ್ರದ ಒಳಗನ್ನು ಓದದವರಿಗೂ ನೀವು ಕೇಳುತ್ತಿರುವುದು ಏನೆಂದು ತಿಳಿಯುತ್ತದೆ. "ಸೂಕ್ತ ಕ್ರಮ ಕೈಗೊಳ್ಳಿ" ಎಂದು ಬರೆದರೆ ಅವರಿಗೆ ಸೂಕ್ತ ಎನಿಸಿದ್ದು ₹200ರ ಕೂಪನ್ ಆಗಿರಬಹುದು.

ಎರಡನೆಯ ಪ್ಯಾರಾದಲ್ಲಿ ಕಂಡದ್ದು ಮೊದಲು, ಅದರಿಂದ ತಿಳಿಯುವುದು ಕೊನೆಯಲ್ಲಿ. ಈ ಕ್ರಮ ಬಿಡಬೇಡಿ. "ಕೊರಿಯರ್‌ನವರು ಎತ್ತಿ ಬಿಸಾಡಿದ್ದಾರೆ" ಎಂದು ಬರೆದರೆ ಅದನ್ನು ಯಾವ ಫೋಟೋವೂ ತೋರಿಸುವುದಿಲ್ಲ. ಮಾರಾಟಗಾರರು "ಹಾಗಾದರೆ ಕೊರಿಯರ್ ಕಂಪನಿಯನ್ನು ಕೇಳಿ" ಎಂದು ಕೈತೊಳೆದುಕೊಳ್ಳುತ್ತಾರೆ. "ಬಳಸಿದ ಹಳೆಯ ಮಾಲು ಕಳಿಸಿದ್ದೀರಿ" ಎಂಬ ಆರೋಪವನ್ನೂ ಕಲ್ಲಿನ ಮೇಲೆ ಹಿಟ್ಟಿನ ಕಲೆಯೋ ಕಿತ್ತ ಸೀಲೋ ಕಾಣದೆ ಮಾಡಬೇಡಿ. ನಿಮಗೂ ಮಾರಾಟಗಾರರಿಗೂ ನಡೆದ ವ್ಯವಹಾರದಲ್ಲಿ ವಸ್ತು ನಿಮ್ಮ ಕೈಗೆ ಸರಿಯಾಗಿ ಬರಬೇಕಿತ್ತು, ಬರಲಿಲ್ಲ. ದಾರಿಯಲ್ಲಿ ಯಾರ ಕೈಯಲ್ಲಿ ಒಡೆಯಿತು ಎಂಬುದು ಅವರಿಬ್ಬರ ಲೆಕ್ಕ.

ಪೆಟ್ಟಿಗೆಯ ಹೊರಮೈ ಸರಿಯಾಗಿದ್ದು ಒಳಗೆ ಮಾತ್ರ ಒಡೆದಿದ್ದರೆ? ಅದೂ ಆಗುತ್ತದೆ. ಕಲ್ಲುಗಳನ್ನು ಡ್ರಮ್ಮಿನೊಳಗೆ ಬಿಗಿಯಾಗಿ ಕೂರಿಸದಿದ್ದರೆ ಸಾಗಣೆಯಲ್ಲಿ ಅವು ಅಲುಗಾಡಿ ಡ್ರಮ್ಮನ್ನು ಒಳಗಿನಿಂದಲೇ ನೆಗ್ಗಿಸುತ್ತವೆ, ರಟ್ಟಿಗೆ ಏನೂ ಆಗಿರುವುದಿಲ್ಲ. ಆಗ ಪತ್ರದಲ್ಲಿ "ಪೆಟ್ಟಿಗೆಯ ಹೊರಗೆ ಹಾನಿ ಇಲ್ಲ (ಫೋಟೋ 1). ಡ್ರಮ್ಮಿನೊಳಗೆ ಕಲ್ಲುಗಳಿಗೆ ಆಧಾರವಾಗಿ ಥರ್ಮೋಕೋಲ್ ಇರಲಿಲ್ಲ (ಫೋಟೋ 3). ಕಲ್ಲು ತಾಗಿದ ಕಡೆ ಡ್ರಮ್ ನೆಗ್ಗಿದೆ (ಫೋಟೋ 5)" ಎಂದು ಬರೆಯಿರಿ. ಪೆಟ್ಟಿಗೆ ಚೆನ್ನಾಗಿದೆ ಎಂಬುದನ್ನು ಮುಚ್ಚಿಟ್ಟರೆ ಅವರು ಅದನ್ನೇ ಹಿಡಿದುಕೊಳ್ಳುತ್ತಾರೆ. ನೀವೇ ಹೇಳಿ ಕಾರಣವನ್ನೂ ತೋರಿಸಿದರೆ ಆ ವಾದ ಉಳಿಯುವುದಿಲ್ಲ.

ಬಳಸುವಂತಿಲ್ಲ ಏಕೆ ಎಂಬ ಎರಡು ವಾಕ್ಯವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದಿಲ್ಲದಿದ್ದರೆ "ಇದು ಬರೀ ಹೊರನೋಟದ ಹಾನಿ, ವಸ್ತು ಇಟ್ಟುಕೊಳ್ಳಿ, ₹300 ಕೊಡುತ್ತೇವೆ" ಎಂಬ ರಾಜಿಯ ಮಾತು ಬರುತ್ತದೆ. ಹೊರನೋಟದ್ದೇ ಆಗಿದ್ದು ನಿಮಗೆ ಒಪ್ಪಿಗೆಯಿದ್ದರೆ ತೆಗೆದುಕೊಳ್ಳಬಹುದು. ಮೋಟಾರಿನ ಹತ್ತಿರ ಬಿರುಕು ಬಿಟ್ಟ ವಿದ್ಯುತ್ ಉಪಕರಣಕ್ಕೆ ಮಾತ್ರ ಬೇಡ.

ಮೊತ್ತ ಬರೆಯುವಾಗ ಬಿಲ್‌ನಲ್ಲಿರುವ ಬೆಲೆಯನ್ನೂ ಬ್ಯಾಂಕ್ ಅಥವಾ ಯುಪಿಐನಿಂದ ನಿಜಕ್ಕೂ ಹೋದ ಹಣವನ್ನೂ ತಾಳೆ ನೋಡಿ. ಕಾರ್ಡಿನ ರಿಯಾಯಿತಿ ಇದ್ದರೆ ಎರಡೂ ಬೇರೆ ಇರುತ್ತವೆ. ನೀವು ಕೊಟ್ಟಿದ್ದನ್ನಷ್ಟೇ ಕೇಳಿ. ಹಣದ ಬದಲು ಹೊಸ ಗ್ರೈಂಡರ್ ಬೇಕಿದ್ದರೆ ಅದನ್ನೇ ಕೇಳಿ, "ಅದೇ ಮಾಡೆಲ್ ಲಭ್ಯವಿಲ್ಲದಿದ್ದರೆ ಪೂರ್ತಿ ಹಣ" ಎಂದು ಸೇರಿಸಿ. ಎರಡನ್ನೂ "ಅಥವಾ" ಹಾಕಿ ಸಮನಾಗಿ ಕೇಳಿದರೆ ಆಯ್ಕೆ ಅವರದಾಗುತ್ತದೆ.

ಕೋರ್ಟು, ಪೊಲೀಸ್ ಎಂಬ ಮಾತು ಮೊದಲ ಪತ್ರದಲ್ಲಿ ಬೇಡ. ನಿಯಮದ ಒಂದು ಸಾಲು ಸಾಕು. ಪತ್ರವನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ. ಮಾರಾಟಗಾರರು ಹೊರರಾಜ್ಯದವರಾದರೆ ವಿಷಯದ ಸಾಲು ಮತ್ತು ಬೇಡಿಕೆಯ ಪ್ಯಾರಾವನ್ನು ಇಂಗ್ಲಿಷ್‌ನಲ್ಲೂ ಕೆಳಗೆ ಕೊಟ್ಟರೆ ಕೆಲಸ ಬೇಗ ಆಗುತ್ತದೆ.

ಉತ್ತರ ಬಂದ ಮೇಲೆ

ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ದೂರು ಕೈಸೇರಿದ ದಿನದಿಂದ ಒಂದು ತಿಂಗಳೊಳಗೆ ಪರಿಹರಿಸಬೇಕು. ಇವೂ 2020ರ ನಿಯಮಗಳದ್ದೇ ಗಡುವು. ಅಷ್ಟರೊಳಗೆ ಬರುವ ಉತ್ತರಗಳಲ್ಲಿ ಎರಡಕ್ಕೆ ಸಿದ್ಧರಾಗಿರಿ.

ಒಂದು, "ಸರ್ವಿಸ್ ಸೆಂಟರಿಗೆ ಹೋಗಿ". ಇದಕ್ಕೆ ಉತ್ತರ: "ನನ್ನ ದೂರು ತಯಾರಿಕೆಯ ದೋಷದ ಬಗ್ಗೆ ಅಲ್ಲ, ಒಡೆದು ಬಂದದ್ದರ ಬಗ್ಗೆ. ರಿಪೇರಿ ಮಾಡಿದ ವಸ್ತು ಬೇಡ. ನಾನು ಹಣ ಕೊಟ್ಟದ್ದು ಹೊಸದಕ್ಕೆ." ಇನ್ನೊಂದು, "ವಾಪಸಾತಿಯ ಅವಧಿ ಮುಗಿದಿದೆ". ಆ್ಯಪ್‌ನಲ್ಲಿ ಗುಂಡಿ ಮಾಯವಾಗಿರಬಹುದು, ಆದರೆ ಅವಧಿಯೊಳಗೆ ಹಾಕಿದ ಟಿಕೆಟ್ ಸಂಖ್ಯೆ ನಿಮ್ಮ ಬಳಿ ಇದೆ. ಅದರ ದಿನಾಂಕ ಕಾಣುವ ಸ್ಕ್ರೀನ್‌ಶಾಟ್ ಲಗತ್ತಿಸಿ. ಪತ್ರಕ್ಕಿಂತ ಮೊದಲು ಆ್ಯಪ್‌ನಲ್ಲಿ ಕೋರಿಕೆ ಹಾಕಿ ಎಂದದ್ದು ಇದಕ್ಕೇ. ಫೋನಿನಲ್ಲಿ ಯಾರಾದರೂ ಮಾತು ಕೊಟ್ಟರೆ ಕೂಡಲೇ ಅದೇ ಇಮೇಲ್ ಸರಣಿಯಲ್ಲಿ "ಇಂದು ಬೆಳಗ್ಗೆ 11ಕ್ಕೆ ಕರೆ ಮಾಡಿ ಶುಕ್ರವಾರ ವಾಪಸು ಪಡೆಯುವುದಾಗಿ ತಿಳಿಸಿದ್ದೀರಿ" ಎಂದು ಒಂದು ಸಾಲು ಬರೆದು ಕಳಿಸಿ. ಫೋನಿನ ಮಾತು ಹಾಗೆ ದಾಖಲೆಯಾಗುತ್ತದೆ.

ವಾಪಸು ಒಯ್ಯಲು ಬಂದವರು ಕೆಲವೊಮ್ಮೆ "ಒಡೆದಿದೆ, ತೆಗೆದುಕೊಳ್ಳುವಂತಿಲ್ಲ" ಎಂದು ಬಿಟ್ಟು ಹೋಗುತ್ತಾರೆ. ಅವರ ಫೋನಿನಲ್ಲಿ ವಾಪಸಾತಿಯ ಕಾರಣ ತಪ್ಪಾಗಿ ದಾಖಲಾಗಿದ್ದರೆ ಹೀಗಾಗುತ್ತದೆ. ವಸ್ತು ಸರಿಯಾಗಿರಬೇಕೆಂದು ಅವರ ಪಟ್ಟಿ ಹೇಳುತ್ತಿರುತ್ತದೆ. ಅವರೊಂದಿಗೆ ಜಗಳವಾಡಿ ಪ್ರಯೋಜನವಿಲ್ಲ. ಬಂದ ಸಮಯ ಬರೆದುಕೊಂಡು, ಕಾರಣ ಸರಿಪಡಿಸಿ ಮತ್ತೆ ಕಳಿಸುವಂತೆ ಅಂದೇ ಇಮೇಲ್ ಮಾಡಿ. ತೆಗೆದುಕೊಂಡು ಹೋದರೆ, ಕೊಡುವ ಮೊದಲು ಪ್ಯಾಕ್ ಮಾಡಿದ ಪೆಟ್ಟಿಗೆಯ ಮತ್ತು ಸೀರಿಯಲ್ ಸಂಖ್ಯೆಯ ಫೋಟೋ ಮತ್ತೊಮ್ಮೆ ತೆಗೆದು, ಒಯ್ದದ್ದಕ್ಕೆ ರಸೀದಿ ಅಥವಾ ಸಂದೇಶ ಬಂದಿದೆಯೇ ನೋಡಿ.

ಒಂದು ತಿಂಗಳಾದರೂ ಪರಿಹಾರವಿಲ್ಲದಿದ್ದರೆ, ಅಥವಾ ಅದಕ್ಕೂ ಮೊದಲೇ ಲಿಖಿತವಾಗಿ ನಿರಾಕರಿಸಿದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಅಥವಾ `consumerhelpline.gov.in`ನಲ್ಲಿ ದೂರು ಹಾಕಿ. ಇದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಸಹಾಯವಾಣಿ ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತದೆ. ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ. ಆ ಅಧಿಕಾರ ಇರುವುದು ಗ್ರಾಹಕ ಆಯೋಗಕ್ಕೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಮಾರಾಟಗಾರರು ದೆಹಲಿಯವರಾದರೂ ಸರಿ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. ಆನ್‌ಲೈನ್‌ನಲ್ಲಿ `e-jagriti.gov.in` ಮೂಲಕವೂ ಸಲ್ಲಿಸಬಹುದು.

ಆಯೋಗಕ್ಕೆ ಹೋದರೆ ಫೋಟೋಗಳು ವಿದ್ಯುನ್ಮಾನ ಸಾಕ್ಷ್ಯವಾಗುತ್ತವೆ. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಸೆಕ್ಷನ್ 63 ಅಂಥ ಸಾಕ್ಷ್ಯದ ಜೊತೆ ಕೊಡಬೇಕಾದ ಪ್ರಮಾಣಪತ್ರದ ಬಗ್ಗೆ ಹೇಳುತ್ತದೆ. ಯಾವ ಫೋನಿನಲ್ಲಿ ತೆಗೆದದ್ದು ಎಂಬ ವಿವರವೂ ಅದರಲ್ಲಿ ಬೇಕಾಗುತ್ತದೆ. ಆದ್ದರಿಂದ ಪ್ರಕರಣ ಮುಗಿಯುವವರೆಗೆ ಮೂಲ ಫೈಲುಗಳನ್ನು ಫೋನಿನಿಂದ ಅಳಿಸಬೇಡಿ. ಫೋನ್ ಬದಲಿಸುವುದಿದ್ದರೆ ಕೇಬಲ್ ಹಾಕಿ ಫೈಲುಗಳನ್ನು ಕಂಪ್ಯೂಟರಿಗೆ ಹಾಗೆಯೇ ನಕಲು ಮಾಡಿಟ್ಟು, ಹಳೆಯ ಫೋನಿನ ಐಎಂಇಐ ಸಂಖ್ಯೆಯನ್ನು ಅದೇ ಫೋಲ್ಡರಿನಲ್ಲಿ ಬರೆದಿಡಿ.